ಸೆಲ್ ಬದಲಾಯಿಸಿದ ಮೇಲೆ ಕ್ರೋನೋಗ್ರಾಫ್ ಮುಳ್ಳುಗಳು ಸೊನ್ನೆಗೆ ಬರುತ್ತಿಲ್ಲ

ಮಲ್ನಾಡ್_ಹುಡುಗ
ಮೂರು ಚಿಕ್ಕ ಡಯಲ್ ಇರುವ ಕ್ವಾರ್ಟ್ಜ್ ಕ್ರೋನೋಗ್ರಾಫ್. ಸೆಲ್ ಹೋಗಿತ್ತು, ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಟೈಮ್ ಸರಿಯಾಗಿ ನಡೀತಿದೆ. ಆದರೆ ನಡುವಿನ ಉದ್ದದ ಸೆಕೆಂಡ್ ಮುಳ್ಳು 23ರ ಹತ್ತಿರ ನಿಂತಿದೆ, ಎಡಗಡೆ (9ರ ಕಡೆ) ಇರುವ ನಿಮಿಷದ ಚಿಕ್ಕ ಮುಳ್ಳು 7 ದಾಟಿ ನಿಂತಿದೆ. ಸ್ಟಾಪ್‌ವಾಚ್ ಓಡಿಸಿ, ನಿಲ್ಲಿಸಿ, ಕೆಳಗಿನ ಬಟನ್ ಒತ್ತಿದರೆ ಎರಡೂ ವಾಪಸ್ ಅದೇ ಜಾಗಕ್ಕೆ ಬಂದು ನಿಲ್ಲುತ್ತವೆ. 12ಕ್ಕೆ ತರೋದು ಹೇಗೆ? ಹಿಂದಿನ ಮುಚ್ಚಳದ ಮೇಲೆ ಮಷಿನ್ ನಂಬರ್ ಏನೂ ಇಲ್ಲ.

ಹುಬ್ಳಿ_ಮಂದಿ
ಭಾಳ ಸರಳ ಐತ್ರಿ. ಚಾವಿ ಪೂರಾ ಹೊರಗ ಎಳೀರಿ. ಮ್ಯಾಲಿಂದು, ಕೆಳಗಿಂದು ಎರಡೂ ಬಟನ್ ಒಮ್ಮೆಲೇ ಎರಡು ಸೆಕೆಂಡ್ ಒತ್ತಿ ಹಿಡೀರಿ. ನಡುವಿನ ಮುಳ್ಳು ಪೂರಾ ಒಂದು ಸುತ್ತ ಹಾಕತೈತಿ. ಆಮ್ಯಾಲೆ ಮ್ಯಾಲಿನ ಬಟನ್ ಒಂದೊಂದ ಸಲ ಒತ್ತಿದರ ಮುಳ್ಳು ಒಂದೊಂದ ಹೆಜ್ಜಿ ಮುಂದ ಹೊಕ್ಕೈತಿ. ಕೆಳಗಿಂದು ಒತ್ತಿದರ ಮುಂದಿನ ಮುಳ್ಳಿಗೆ ಹೋಗ್ತದ. ಎಲ್ಲಾ ಕ್ರೋನೋಗ್ರಾಫ್‌ಗೂ ಇದ ರೀತಿ.

ಚಿಮಟ_ಲೂಪು
ಹುಬ್ಳಿ ಅಣ್ಣ ಹೇಳಿದ್ದು ರೋಂಡಾ 5030 ಸರಣಿಯ ಮಷಿನ್‌ಗೆ ಸರಿ. ಅಲ್ಲಿ ಪ್ರತಿ ಕ್ರೋನೋ ಮುಳ್ಳಿಗೂ ಬೇರೆ ಬೇರೆ ಮೋಟರ್ ಇರುತ್ತೆ, ಹಾಗಾಗಿ ಒಂದೊಂದನ್ನೇ ಆರಿಸಿಕೊಂಡು ಸರಿಮಾಡಬಹುದು. "ಎಲ್ಲಾ ಕ್ರೋನೋಗ್ರಾಫ್‌ಗೂ" ಅನ್ನೋದು ಮಾತ್ರ ಸರಿಯಲ್ಲ. ಮಲ್ನಾಡ್ ಅವರೇ, ಮುಚ್ಚಳ ಬಿಚ್ಚದೆ ಮೊದಲು ಒಂದು ಪರೀಕ್ಷೆ ಮಾಡಿ. ಸ್ಟಾಪ್‌ವಾಚನ್ನ ನಾಲ್ಕೈದು ನಿಮಿಷ ಓಡಲು ಬಿಡಿ, ನಿಲ್ಲಿಸಿ, ರೀಸೆಟ್ ಒತ್ತಿ. ಆಗ ಸೆಕೆಂಡ್ ಮುಳ್ಳನ್ನೇ ನೋಡ್ತಾ ಇರಿ.

ಪಟ್ ಅಂತ ಒಂದೇ ಏಟಿಗೆ ಹಾರಿ ಬಂದರೆ ಅದು ಮೆಕಾ ಕ್ವಾರ್ಟ್ಜ್. ಪ್ರತಿ ಮುಳ್ಳು ತನ್ನ ಪಾಡಿಗೆ ತಾನು ಓಡಿ ನಿಂತರೆ ಹಲವು ಮೋಟರಿನ ಮಷಿನ್. ಸೆಕೆಂಡ್ ಮುಳ್ಳು ಗಿರಗಿರ ಅಂತ ಅಷ್ಟೂ ನಿಮಿಷದ ಸುತ್ತು ಹಾಕಿ, ಅದರ ಜೊತೆಗೇ ನಿಮಿಷದ ಮುಳ್ಳು ನಿಧಾನಕ್ಕೆ ಜರುಗಿದರೆ ಎರಡಕ್ಕೂ ಒಂದೇ ಮೋಟರ್, ನಡುವೆ ಹಲ್ಲುಚಕ್ರದ ಜೋಡಣೆ. ಈ ಮೂರಕ್ಕೂ ದಾರಿ ಬೇರೆ ಬೇರೆ. ಯಾವುದು ಅಂತ ನೋಡಿ ಹೇಳಿ.

ಮಲ್ನಾಡ್_ಹುಡುಗ
ಮೂರನೇದು. ಗಿರಗಿರ ಸುತ್ತಿ ಸುತ್ತಿ ಮತ್ತೆ 23ಕ್ಕೇ ಬಂದು ನಿಂತಿತು. ಹುಬ್ಳಿ ಸರ್ ಹೇಳಿದ ಹಾಗೆ ಎರಡೂ ಬಟನ್ ಒತ್ತಿ ನೋಡಿದ್ದೆ, ಪೂರ್ತಿ ಸುತ್ತು ಏನೂ ಹಾಕಲಿಲ್ಲ.

ಶ್ರೀಗಂಧ_72
ನನ್ನದೂ ಇದೇ ಸಮಸ್ಯೆ! 3ರ ಕಡೆ ಇರೋ ಚಿಕ್ಕ ಮುಳ್ಳು ಸೊನ್ನೆಗೆ ಬರೋದೇ ಇಲ್ಲ, ಎಷ್ಟು ರೀಸೆಟ್ ಮಾಡಿದರೂ. ಒಂದೊಂದು ಸಲ ನೋಡಿದಾಗ ಒಂದೊಂದು ಕಡೆ ಇರುತ್ತೆ. ಡಯಲ್ ಮೇಲೆ 6, 12, 18, 24 ಅಂತ ಬರೆದಿದೆ.

ಕರಾವಳಿ_ಟಿಕ್‌ಟಿಕ್
ಶ್ರೀಗಂಧ ಅವರೇ, ಅದು 24 ಗಂಟೆಯ ಡಯಲ್ ಮಾರಾಯ್ರೆ. ಸ್ಟಾಪ್‌ವಾಚಿಗೂ ಅದಕ್ಕೂ ಸಂಬಂಧವೇ ಇಲ್ಲ. ಗಂಟೆ ಮುಳ್ಳಿನ ಜೊತೆ ನಡೆಯುತ್ತೆ, ಹಗಲೋ ರಾತ್ರಿಯೋ ತೋರಿಸುತ್ತೆ, ಅಷ್ಟೆ. ಮಧ್ಯರಾತ್ರಿ ಬಿಟ್ಟು ಬೇರೆ ಯಾವಾಗಲೂ ಮೇಲೆ ನಿಲ್ಲಬಾರದು. ಮಧ್ಯಾಹ್ನ 3ಕ್ಕೆ ಅದು 15ರಲ್ಲಿದೆಯಾ ನೋಡಿ. 3ರಲ್ಲಿದ್ದರೆ ಚಾವಿ ಎಳೆದು ಟೈಮನ್ನು 12 ಗಂಟೆ ಮುಂದೆ ತಿರುಗಿಸಿ. 15ರಲ್ಲೂ ಇಲ್ಲ, 3ರಲ್ಲೂ ಇಲ್ಲ, ನಡುವೆ ಎಲ್ಲೋ ಇದೆ ಅಂದ್ರೆ ಮುಳ್ಳು ಕೂರಿಸುವಾಗಲೇ ತಪ್ಪಿದೆ. ಅದನ್ನು ಮುಳ್ಳು ತೆಗೆದೇ ಸರಿಮಾಡಬೇಕು, ಯಾವ ಬಟನ್‌ನಿಂದಲೂ ಆಗುವುದಿಲ್ಲ.

ಚಿಮಟ_ಲೂಪು
ಮಲ್ನಾಡ್ ಅವರೇ, ವರ್ಣನೆ ನೋಡಿದರೆ ಮಿಯೋಟಾ ಓಎಸ್20 ಅಥವಾ ಅದರ ಅಣ್ಣತಮ್ಮಂದಿರಲ್ಲಿ ಒಂದು. 9ರ ಕಡೆ ಸ್ಟಾಪ್‌ವಾಚಿನ ನಿಮಿಷ, 6ರ ಕಡೆ ಮಾಮೂಲಿ ಟೈಮಿನ ಸೆಕೆಂಡ್, 3ರ ಕಡೆ 24 ಗಂಟೆ. ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇದರಲ್ಲಿ ಜನ ಎಡವೋದು ಒಂದೇ ಜಾಗದಲ್ಲಿ.

ಮೊದಲು ಹೀಗ್ಯಾಕೆ ಆಯ್ತು ಅನ್ನೋದು. ಮುಳ್ಳು ಎಲ್ಲಿದೆ ಅಂತ ನೋಡೋ ಕಣ್ಣು ಈ ಮಷಿನ್‌ನಲ್ಲಿ ಇಲ್ಲ. ಒಳಗಿನ ಚಿಪ್ಪು ಮೋಟರಿಗೆ ಎಷ್ಟು ಹೆಜ್ಜೆ ಕಳಿಸಿದೆ ಅಂತ ಎಣಿಸಿ ಇಟ್ಟುಕೊಂಡಿರುತ್ತೆ. ರೀಸೆಟ್ ಅಂದರೆ ಆ ಎಣಿಕೆಯನ್ನ ಸೊನ್ನೆಗೆ ತರೋದು, ಅಷ್ಟೇ. ಸ್ಟಾಪ್‌ವಾಚ್ ಓಡುತ್ತಿರುವಾಗಲೇ ಸೆಲ್ ಸತ್ತರೆ, ಅಥವಾ ಹೊಸ ಸೆಲ್ ಕೂರಿಸುವಾಗ ಕರೆಂಟು ಬಂದು ಹೋಗಿ ಬಂದು ಹೋಗಿ ಆದರೆ, ಎಣಿಕೆ ಅಳಿಸಿ ಹೋಗುತ್ತೆ. ಮತ್ತೆ ಎಚ್ಚರವಾದಾಗ ಮುಳ್ಳು ನಿಂತಿರೋ ಜಾಗವೇ ಸೊನ್ನೆ ಅಂತ ಅದು ನಂಬಿಕೊಳ್ಳುತ್ತೆ. ನಿಮ್ಮ ವಾಚಿನ ಪಾಲಿಗೆ ಈಗ 7 ನಿಮಿಷ 23 ಸೆಕೆಂಡೇ ಸೊನ್ನೆ. ಹಾಗಾಗಿ ನೂರು ಸಲ ರೀಸೆಟ್ ಒತ್ತಿದರೂ ಅಲ್ಲಿಗೇ ಬರುತ್ತೆ. ಅಂಗಡಿಯವರು ಏನೋ ಕೆಡಿಸಿದ್ದಾರೆ ಅಂತ ಜಗಳಕ್ಕೆ ಹೋಗಬೇಡಿ.

ಈಗ ಮಾಡಬೇಕಾದ್ದು. ಸ್ಟಾಪ್‌ವಾಚ್ ನಿಲ್ಲಿಸಿ ಒಂದು ಸಲ ರೀಸೆಟ್ ಮಾಡಿ. ಚಾವಿಯನ್ನ ಎರಡನೇ ಕ್ಲಿಕ್‌ವರೆಗೆ, ಅಂದರೆ ಟೈಮ್ ತಿರುಗಿಸುವ ಹಂತಕ್ಕೆ ಎಳೆಯಿರಿ. 6ರ ಕಡೆಯ ಚಿಕ್ಕ ಸೆಕೆಂಡ್ ಮುಳ್ಳು ನಿಂತರೆ ಸರಿಯಾದ ಹಂತದಲ್ಲಿದ್ದೀರಿ ಅಂತ ಅರ್ಥ. ಮೊದಲನೇ ಕ್ಲಿಕ್ ತಾರೀಖಿನದು. ಅಲ್ಲಿದ್ದಾಗ ಯಾವ ಬಟನ್ನೂ ಮುಟ್ಟಬೇಡಿ, ಕ್ರೋನೋ ಮುಳ್ಳುಗಳು ಜರುಗಿ ಇನ್ನೊಂದು ಗೊಂದಲ ಶುರುವಾಗುತ್ತೆ. ಎರಡನೇ ಕ್ಲಿಕ್‌ನಲ್ಲಿ ಮೇಲಿನ ಬಟನ್ ಒಮ್ಮೆ ಒತ್ತಿ ಬಿಟ್ಟರೆ ನಡುವಿನ ಮುಳ್ಳು ಒಂದು ಹೆಜ್ಜೆ ಹೋಗುತ್ತೆ. ಒತ್ತಿ ಹಿಡಿದರೆ ಸರಸರನೆ ಓಡುತ್ತೆ.

ಎಡವೋದು ಇಲ್ಲೇ. ಸೆಕೆಂಡ್ ಮುಳ್ಳು 12ಕ್ಕೆ ಬಂದ ತಕ್ಷಣ ಎಲ್ಲರೂ ಚಾವಿ ಒಳಗೆ ತಳ್ಳಿಬಿಡ್ತಾರೆ. ಆಮೇಲೆ ನೋಡಿದರೆ ನಿಮಿಷದ ಮುಳ್ಳು 8ರಲ್ಲಿ ಕೂತಿರುತ್ತೆ. ಅದನ್ನ ಸರಿಮಾಡೋ ಬಟನ್ ಯಾವುದು ಅಂತ ಹುಡುಕ್ತಾರೆ. ಅಂಥ ಬಟನ್ನೇ ಇಲ್ಲ. ನಿಮಿಷದ ಮುಳ್ಳಿಗೆ ಸ್ವಂತ ಮೋಟರ್ ಇಲ್ಲ, ಅದು ಸೆಕೆಂಡ್ ಮುಳ್ಳಿನ ಬೆನ್ನಿಗೆ ಕಟ್ಟಿಕೊಂಡೇ ಬರಬೇಕು.

ನಿಮ್ಮದೇ ಲೆಕ್ಕ ಹಾಕೋಣ. ಒಂದು ಸುತ್ತಿಗೆ 60 ಹೆಜ್ಜೆ, ನಿಮಿಷದ ಡಯಲ್ ಪೂರ್ತಿ ಸುತ್ತೋಕೆ 60 ಸುತ್ತು, ಒಟ್ಟು 3600 ಹೆಜ್ಜೆ. ನೀವು ಈಗ 7 ನಿಮಿಷ 23 ಸೆಕೆಂಡ್, ಅಂದರೆ 443ನೇ ಹೆಜ್ಜೆಯಲ್ಲಿದ್ದೀರಿ. ಉಳಿದಿದ್ದು 3157. ಮೊದಲ 37 ಹೆಜ್ಜೆಗೆ ಸೆಕೆಂಡ್ ಮುಳ್ಳು 12ಕ್ಕೆ ಬರುತ್ತೆ, ನಿಮಿಷದ್ದು 8ಕ್ಕೆ. ಅಲ್ಲಿಂದ ಇನ್ನೂ 52 ಪೂರ್ತಿ ಸುತ್ತು ಬೇಕು. ಬಟನ್ ಬಿಡದೆ ಒತ್ತಿ ಹಿಡಿದುಕೊಂಡಿರಿ, ಬೆರಳು ನೋಯುತ್ತೆ. ನಿಮಿಷದ ಮುಳ್ಳು 59 ಹತ್ತಿರ ಬಂದಾಗ ಕೈ ಬಿಡಿ. ಕೊನೆಯ ಸುತ್ತನ್ನ ಒಂದೊಂದೇ ಒತ್ತಿ ಮುಗಿಸಿ. ಒಂದು ಹೆಜ್ಜೆ ದಾಟಿದರೆ ಮತ್ತೆ 60 ಸುತ್ತು.

ಎರಡೂ ಮುಳ್ಳು 12ರಲ್ಲಿ ನಿಂತ ಮೇಲೆ ಟೈಮ್ ಇಟ್ಟು ಚಾವಿ ಒಳಗೆ ತಳ್ಳಿ. ಮುಳ್ಳು ಇನ್ನೂ ಓಡ್ತಿರುವಾಗ ಚಾವಿ ತಳ್ಳಿದರೆ ಅದು ಅಲ್ಲೇ ನಿಲ್ಲುತ್ತೆ, ನಿಂತ ಜಾಗವೇ ಹೊಸ ಸೊನ್ನೆ ಆಗುತ್ತೆ.

ಮಲ್ನಾಡ್_ಹುಡುಗ
ಸರ್, 52 ಸುತ್ತು ಓಡಿಸಿದರೆ ಮೋಟರಿಗೆ ಏನೂ ಆಗಲ್ವಾ? ಇನ್ನೊಂದು ಡೌಟು. ನಿಮಿಷದ ಮುಳ್ಳು 7ರ ಮೇಲೆ ಸರಿಯಾಗಿ ಇಲ್ಲ, 7 ಮತ್ತು 8ರ ನಡುವೆ ಇದೆ. ಸೊನ್ನೆಗೆ ಬಂದಾಗಲೂ ಹೀಗೇ ಅಡ್ಡಾದಿಡ್ಡಿ ನಿಲ್ಲುತ್ತಾ?

ಚಿಮಟ_ಲೂಪು
ಮೋಟರಿಗೆ ಏನೂ ಆಗಲ್ಲ. ಅರ್ಧ ಗಂಟೆಯ ಓಟ ಮುಗಿಸಿ ರೀಸೆಟ್ ಮಾಡಿದಾಗಲೂ ಅದು ಹೀಗೇ 30 ಸುತ್ತು ಹಾಕುತ್ತೆ.

ನಡುವೆ ಇರೋದು ಒಳ್ಳೇ ಲಕ್ಷಣ. ಸೆಕೆಂಡ್ 23 ಇದ್ದಾಗ ನಿಮಿಷದ ಮುಳ್ಳು 7ನ್ನ ದಾಟಿ ಮೂರನೇ ಒಂದು ಭಾಗಕ್ಕಿಂತ ಚೂರು ಮುಂದೆ ಇರಲೇಬೇಕು. ಹಾಗೆ ಇದ್ದರೆ ಎರಡೂ ಮುಳ್ಳು ತಮ್ಮ ತಮ್ಮ ಗೂಟದ ಮೇಲೆ ಸರಿಯಾಗಿ ಕೂತಿವೆ. ಸೆಕೆಂಡ್ ಮುಳ್ಳು ನೆಟ್ಟಗೆ 12ರಲ್ಲಿದ್ದೂ ನಿಮಿಷದ ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ಮಾತ್ರ ಯಾವುದೋ ಒಂದು ಮುಳ್ಳು ಜಾರಿದೆ ಅಂತ. ಅದು ಬಟನ್‌ಗೆ ಬಗ್ಗಲ್ಲ.

ಜಯಾ_ಎಂ
ಅಂಗಡಿಯವರು ಸೆಲ್ ಹಾಕಿದ ಮೇಲೆ ಎಸಿ ಪಾಯಿಂಟ್ ಮುಟ್ಟಿಸಿಲ್ಲ ಅನ್ಸುತ್ತೆ. ಮಷಿನ್ ಮೇಲೆ ಎಸಿ ಅಂತ ಕೆತ್ತಿರುವ ಒಂದು ಚಿಕ್ಕ ಜಾಗ ಇರುತ್ತೆ. ಲೋಹದ ಚಿಮಟದಿಂದ ಅದನ್ನೂ ಸೆಲ್‌ನ ಪ್ಲಸ್ ಮೈಯನ್ನೂ ಒಟ್ಟಿಗೆ ಎರಡು ಸೆಕೆಂಡ್ ಮುಟ್ಟಿಸಿದರೆ ಎಲ್ಲಾ ರೀಸೆಟ್ ಆಗುತ್ತೆ. ಹಾಗೆ ಮಾಡಿದರೆ ಮುಳ್ಳುಗಳು ತಾವೇ 12ಕ್ಕೆ ಬರಲ್ವಾ?

ಚಿಮಟ_ಲೂಪು
ಮುಟ್ಟಿಸೋದು ಒಳ್ಳೇ ಅಭ್ಯಾಸ ಮೇಡಂ, ಸೆಲ್ ಬದಲಾಯಿಸಿದಾಗಲೆಲ್ಲಾ ಮಾಡಬೇಕು. ಚಿಪ್ಪು ಅರೆಬರೆ ಎದ್ದು ಬಟನ್‌ಗೆ ಸ್ಪಂದಿಸದೇ ಇದ್ದರೆ, ಮುಳ್ಳು ವಿಚಿತ್ರವಾಗಿ ಕುಂಟಿದರೆ, ಅದರಿಂದ ಸರಿಹೋಗುತ್ತೆ. ಆದರೆ ಅದು ಅಳಿಸೋದು ಎಣಿಕೆಯನ್ನ, ಮುಳ್ಳನ್ನ ಅಲ್ಲಾಡಿಸೋದಿಲ್ಲ. ಎಸಿ ಮುಟ್ಟಿಸಿದ ಮೇಲೂ ಮುಳ್ಳನ್ನ ಕೈಯಾರೆ 12ಕ್ಕೆ ತರಬೇಕು. ಬರೀ ಅದಕ್ಕೋಸ್ಕರ ಮುಚ್ಚಳ ಬಿಚ್ಚಿಸಿ ರಬ್ಬರ್ ರಿಂಗ್ ಹಾಳುಮಾಡೋ ಅಗತ್ಯ ಇಲ್ಲ.

ಮೂರ್ತಿ_ಮೇಷ್ಟ್ರು
ನನ್ನ ಕೈಲಿರುವುದು ಸೈಕೋ ವಿಕೆ64 ಮಷಿನ್ ಇರುವ ವಾಚು. ರೀಸೆಟ್ ಒತ್ತಿದರೆ ಪಟ್ಟನೆ ಹಾರಿ ಬರುತ್ತದೆ, ಆದರೆ 12ಕ್ಕಿಂತ ಎರಡು ಸೆಕೆಂಡ್ ಮುಂದೆ ನಿಲ್ಲುತ್ತದೆ. ಸೆಲ್ ಬದಲಾಯಿಸಿದ ಮೇಲೆಯೇ ಗಮನಕ್ಕೆ ಬಂತು. ಚಾವಿ ಎಳೆದು ಮೇಲಿನ ಬಟನ್ ಒತ್ತುವ ಕ್ರಮ ಇದಕ್ಕೂ ಅನ್ವಯಿಸುತ್ತದೆಯೇ?

ಕರಾವಳಿ_ಟಿಕ್‌ಟಿಕ್
ಇಲ್ಲ ಮೇಷ್ಟ್ರೇ. ಅದರಲ್ಲಿ ಮುಳ್ಳು ಓಡಿಸುವುದು ಮಾತ್ರ ಕ್ವಾರ್ಟ್ಜ್. ಸ್ಟಾಪ್‌ವಾಚಿನ ಸೊನ್ನೆ ಪೂರ್ತಿ ಯಾಂತ್ರಿಕ. ಹೃದಯದ ಆಕಾರದ ಒಂದು ಬಿಲ್ಲೆ ಇರುತ್ತೆ, ರೀಸೆಟ್ ಒತ್ತಿದಾಗ ಚಿಕ್ಕ ಸುತ್ತಿಗೆ ಅದರ ಮೇಲೆ ಬಡಿಯುತ್ತೆ, ಬಿಲ್ಲೆ ಯಾವ ಕಡೆ ಇದ್ದರೂ ತಿರುಗಿ ಒಂದೇ ಭಂಗಿಗೆ ಬರುತ್ತೆ. ಬಿಲ್ಲೆ ಸರಿಯಾಗೇ ಬರುತ್ತಿದೆ, ಅದರ ಗೂಟದ ಮೇಲಿನ ಮುಳ್ಳು ಜಾರಿದೆ. ಪ್ರತಿ ರೀಸೆಟ್‌ಗೂ ಮುಳ್ಳಿಗೆ ಒಂದು ಏಟು ಬೀಳುತ್ತೆ ಅಲ್ವಾ, ಕೂತಿರುವುದು ಸಡಿಲವಾಗಿದ್ದರೆ ಇವತ್ತು ಎರಡು ಸೆಕೆಂಡ್, ನಾಳೆ ಮೂರು ಆಗಬಹುದು. ಹತ್ತು ಸಲ ಓಡಿಸಿ ರೀಸೆಟ್ ಮಾಡಿ ನೋಡಿ. ಪ್ರತಿ ಸಲವೂ ಅದೇ ಎರಡಕ್ಕೆ ನಿಂತರೆ ಮುಳ್ಳು ಬಿಗಿಯಾಗೇ ಇದೆ, ಕೂರಿಸಿದ್ದು ಓರೆ. ಜಾಗ ಬದಲಾಗ್ತಾ ಹೋದರೆ ಸಡಿಲ. ಎರಡಕ್ಕೂ ಅಂಗಡಿಗೇ ಹೋಗಬೇಕು, ಆದರೆ ಸಡಿಲ ಇದ್ದರೆ ಅಲ್ಲಿಯವರೆಗೆ ರೀಸೆಟ್ ಒತ್ತುವುದನ್ನು ನಿಲ್ಲಿಸಿ. ಕಳಚಿ ಬಿದ್ದ ಮುಳ್ಳು ಡಯಲ್ ಗೀಚುತ್ತದೆ.

ಮೂರ್ತಿ_ಮೇಷ್ಟ್ರು
ಹತ್ತು ಸಲವೂ ಎರಡಕ್ಕೇ ನಿಂತಿತು. ಓರೆ ಕೂರಿಸಿದ್ದು ಎಂದಾಯಿತು.

ಹುಬ್ಳಿ_ಮಂದಿ
ಚಿಮಟ ಅಣ್ಣಾರ, ನಂದು ರೋಂಡಾನ ಐತಿ ಅಂತ ಈಗ ಗೊತ್ತಾತು, ಅದಕ್ಕ ಎಲ್ಲಾ ಹಂಗ ಅನ್ಕೊಂಡಿದ್ದೆ. ಆದರ ಒಂದು ಮಾತು. ನನ್ನ ತಮ್ಮನ ಕಡೆ ಇನ್ನೊಂದು ವಾಚ್ ಐತಿ, ಅದರಾಗ ಚಾವಿ ಎಳೆದಾಗ ಕೆಳಗಿನ ಬಟನ್ ಒತ್ತಿದರ ಮುಳ್ಳು ಹಿಂದಕ್ಕ ಬರತೈತಿ. ಒಂದು ಹೆಜ್ಜಿ ದಾಟಿದ್ರ 60 ಸುತ್ತ ಯಾಕ ಹಾಕಬೇಕು? ಕೆಳಗಿಂದು ಒತ್ತಿ ವಾಪಸ್ ತಂದರ ಆತು.

ಚಿಮಟ_ಲೂಪು
ಕೆಲವು ಮಷಿನ್‌ನಲ್ಲಿ ಹಾಗಿದೆ, ಒಂದು ಬಟನ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಓಎಸ್20ಕ್ಕೆ ನಾನು ಬಳಸೋದು ಮೇಲಿನ ಬಟನ್ ಮಾತ್ರ. ನಿಮ್ಮ ತಮ್ಮನ ವಾಚಿನ ಮಷಿನ್ ಯಾವುದು?

ಹುಬ್ಳಿ_ಮಂದಿ
ಗೊತ್ತಿಲ್ರಿ, ಮುಚ್ಚಳ ತಗದು ನೋಡಿಲ್ಲ. ರೀಸೆಟ್ ಮಾಡಿದರ ಅದೂ ಗಿರಗಿರ ತಿರಗತೈತಿ.

ಜಯಾ_ಎಂ
ಹಾಗಾದ್ರೆ ಕೊನೇ ಸುತ್ತಿಗೆ ಮೊದಲೇ ಕೆಳಗಿನ ಬಟನ್ ಒಂದು ಸಲ ಒತ್ತಿ ನೋಡಿಕೊಳ್ಳೋದು ವಾಸಿ. ಹಿಂದಕ್ಕೆ ಬಂದರೆ ಲಾಭ, ಬರದಿದ್ದರೆ ನಷ್ಟ ಇಲ್ಲ.

ಮಲ್ನಾಡ್_ಹುಡುಗ
ಮಾಡಿದೆ. ಸುಮಾರು 40ರವರೆಗೆ ಚೆನ್ನಾಗಿ ಓಡಿತು. ಆಮೇಲೆ ಸೆಕೆಂಡ್ ಮುಳ್ಳು ತಡವರಿಸೋಕೆ ಶುರು ಮಾಡಿತು, ಅದೇ ಜಾಗದಲ್ಲಿ ನಡುಗುತ್ತೆ, ಮುಂದೆ ಹೋಗಲ್ಲ. ಬಿಟ್ಟು ಮತ್ತೆ ಒತ್ತಿದರೆ ಒಂದೆರಡು ಸುತ್ತು ಹೋಗಿ ಮತ್ತೆ ಹಾಗೇ.

ಚಿಮಟ_ಲೂಪು
ಇದು ಬೇರೆ ವಿಷಯ. ಅಂಗಡಿಯಲ್ಲಿ ಹಾಕಿದ ಸೆಲ್ ಯಾವುದು? ಬಿಲ್ಲಲ್ಲೋ ಖಾಲಿ ಪಟ್ಟಿಯ ಮೇಲೋ ನಂಬರ್ ಇದ್ದರೆ ಹೇಳಿ.

ಮಲ್ನಾಡ್_ಹುಡುಗ
ಪಟ್ಟಿ ಕೊಟ್ಟಿದ್ದರು, ಅದರ ಮೇಲೆ ಎಲ್ಆರ್927 ಅಂತ ಇದೆ.

ಚಿಮಟ_ಲೂಪು
ಸಿಕ್ಕಿತು. ಅದು ಆಲ್ಕಲೈನ್ ಸೆಲ್, ಆಟಿಕೆಗೂ ಚಿಕ್ಕ ಟಾರ್ಚಿಗೂ ಹಾಕೋದು. ಗಾತ್ರ ಒಂದೇ, ಅಡ್ಡಕ್ಕೆ 9.5 ಮಿಲಿಮೀಟರ್, ದಪ್ಪ 2.7, ಹಾಗಾಗಿ ಜಾಗಕ್ಕೆ ಸರಿಯಾಗಿ ಕೂರುತ್ತೆ. ನಿಮಗೆ ಬೇಕಾಗಿರೋದು ಸಿಲ್ವರ್ ಆಕ್ಸೈಡ್, ಅಂದರೆ ಎಸ್ಆರ್927. ಸಿಲ್ವರ್ ಸೆಲ್ ಕೊನೆಯವರೆಗೂ ಹೆಚ್ಚುಕಮ್ಮಿ 1.55 ವೋಲ್ಟ್ ಕೊಡುತ್ತಾ ಇದ್ದು ಆಮೇಲೆ ಒಮ್ಮೆಲೇ ಕುಸಿಯುತ್ತೆ. ಆಲ್ಕಲೈನ್ 1.5ರಿಂದ ಶುರುವಾಗಿ ದಿನದಿಂದ ದಿನಕ್ಕೆ ಇಳೀತಾನೇ ಹೋಗುತ್ತೆ. ಮಾಮೂಲಿ ಟೈಮ್ ನಡೆಸೋಕೆ ಸೆಕೆಂಡಿಗೊಂದು ಹೆಜ್ಜೆ ಸಾಕು, ಅದನ್ನ ಹೇಗೋ ನಿಭಾಯಿಸುತ್ತೆ. ಮುಳ್ಳು ಸರಸರ ಓಡಬೇಕಾದಾಗ ಬೇಡಿಕೆ ಜಾಸ್ತಿ, ವೋಲ್ಟೇಜ್ ಕುಗ್ಗುತ್ತೆ, ಮೋಟರ್ ಹೆಜ್ಜೆ ತಪ್ಪುತ್ತೆ. ಚಿಪ್ಪು ಮಾತ್ರ ಹೆಜ್ಜೆ ಬಿತ್ತು ಅಂತಲೇ ಎಣಿಸಿಕೊಳ್ಳುತ್ತೆ. ಈ ಸೆಲ್ ಇಟ್ಟುಕೊಂಡು ಸೊನ್ನೆ ಸರಿಮಾಡಿದರೂ ಅದು ಉಳಿಯಲ್ಲ.

ಎಸ್ಆರ್927ರಲ್ಲಿ ಎರಡು ಬಗೆ ಇದೆ, ಪಟ್ಟಿಯ ಮೇಲೆ 395 ಮತ್ತು 399 ಅಂತಲೂ ಬರೆದಿರುತ್ತಾರೆ. 399 ಹೆಚ್ಚು ಕರೆಂಟು ಕೊಡುವಂಥದ್ದು, ಲೈಟ್ ಇರುವ ವಾಚುಗಳಿಗೂ ಹಾಕುತ್ತಾರೆ. ಮಷಿನ್ ಮೇಲೋ ಸೆಲ್ ಒತ್ತಿ ಹಿಡಿದಿರುವ ತಗಡಿನ ಮೇಲೋ ಯಾವುದು ಅಂತ ಕೆತ್ತಿದ್ದರೆ ಅದನ್ನೇ ಹಾಕಿಸಿ.

ಶ್ರೀಗಂಧ_72
24 ಗಂಟೆ ಮುಳ್ಳು ಈಗ ಸರಿಯಾಯ್ತು, 12 ಗಂಟೆ ತಿರುಗಿಸಿದೆ. ಕರಾವಳಿ ಅವರಿಗೆ ಥ್ಯಾಂಕ್ಸ್. ತಾರೀಖು ಒಂದು ದಿನ ಮುಂದೆ ಹೋಯ್ತು, ಅದನ್ನ ಹಿಂದೆ ತಿರುಗಿಸಬಹುದಾ?

ಕರಾವಳಿ_ಟಿಕ್‌ಟಿಕ್
ಟೈಮ್ ಹಿಂದೆ ತಿರುಗಿಸಿ ತಾರೀಖು ಇಳಿಸುವ ಕೆಲಸ ಬೇಡ. ಮೊದಲನೇ ಕ್ಲಿಕ್‌ನಲ್ಲಿ ತಾರೀಖನ್ನು ಮುಂದಕ್ಕೇ ಸುತ್ತಿಸಿ 31 ದಾಟಿಸಿ ತನ್ನಿ. ಅದೂ ರಾತ್ರಿ 9ರಿಂದ 1ರ ನಡುವೆ ಮುಟ್ಟಬೇಡಿ, ಆ ಹೊತ್ತಿನಲ್ಲಿ ತಾರೀಖಿನ ಹಲ್ಲು ಕಚ್ಚಿಕೊಂಡಿರುತ್ತೆ. ಬಟನ್ ಕಡೆ ಕೈ ಹೋಗದ ಹಾಗೆ ನೋಡಿಕೊಳ್ಳಿ.

ಮಲ್ನಾಡ್_ಹುಡುಗ
ಬೇರೆ ಅಂಗಡಿಯಲ್ಲಿ 399 ಹಾಕಿಸಿದೆ, ಎಸಿನೂ ಮುಟ್ಟಿಸಿದರು. ಮತ್ತೆ ಎರಡನೇ ಕ್ಲಿಕ್, ಮೇಲಿನ ಬಟನ್. ಒಂದೇ ಉಸಿರಿಗೆ ಓಡಿತು, ಎರಡೂ ಮುಳ್ಳು 12ಕ್ಕೆ ಬಂದವು. ಕೆಳಗಿನ ಬಟನ್ ಒತ್ತಿ ನೋಡಿದೆ, ನನ್ನದರಲ್ಲಿ ಹಿಂದಕ್ಕೆ ಬರಲಿಲ್ಲ. ಒಂದು ಚಿಕ್ಕ ಕೊರತೆ: ಸೆಕೆಂಡ್ ಮುಳ್ಳು 12ರ ಗೆರೆಗೆ ಸರಿಯಾಗಿ ಇಲ್ಲ, ಕೂದಲೆಳೆಯಷ್ಟು ಎಡಕ್ಕಿದೆ. ಇನ್ನೊಂದು ಹೆಜ್ಜೆ ಹಾಕಿದರೆ 1ರ ಕಡೆಗೆ ಹೋಗುತ್ತೆ.

ಚಿಮಟ_ಲೂಪು
ಒಂದು ಹೆಜ್ಜೆ ಅಂದರೆ 6 ಡಿಗ್ರಿ. ಅದಕ್ಕಿಂತ ಕಡಿಮೆ ಜರುಗಿಸೋಕೆ ಈ ಮೋಟರಿಗೆ ಬರಲ್ಲ. ಮುಳ್ಳು ತೆಗೆದು ಮತ್ತೆ ಕೂರಿಸಬೇಕು, ಅದಕ್ಕೆ ಮಷಿನ್ ಕೇಸಿನಿಂದ ಹೊರಗೆ ಬರಬೇಕು. ಕೂದಲೆಳೆ ಅಂತ ನೀವೇ ಹೇಳ್ತಿದ್ದೀರಿ, ನನ್ನ ಪ್ರಕಾರ ಹಾಗೇ ಬಿಡಿ. ಕಣ್ಣನ್ನ ಗಾಜಿಗೆ ನೇರವಾಗಿ ಮೇಲಿಂದ ಇಟ್ಟು ನೋಡಿದ್ದೀರಾ? ಮುಳ್ಳು ಡಯಲ್‌ನಿಂದ ಎತ್ತರದಲ್ಲಿರುತ್ತೆ, ಪಕ್ಕದಿಂದ ನೋಡಿದರೆ ಸರಿಯಿದ್ದರೂ ಓರೆ ಕಾಣುತ್ತೆ.

ಜಯಾ_ಎಂ
ನನಗೆ ಒಂದು ಅನುಮಾನ ಉಳಿದಿದೆ. ನನ್ನ ವಾಚೂ ಗಿರಗಿರದ್ದೇ. ಸೆಲ್ ಸಿಲ್ವರ್, ಹೊಸದು. ಸೊನ್ನೆ ಸರಿಮಾಡಿದ ಎರಡು ಮೂರು ವಾರಕ್ಕೆ ಸೆಕೆಂಡ್ ಮುಳ್ಳು ಮತ್ತೆ 58ಕ್ಕೋ 57ಕ್ಕೋ ಬಂದು ನಿಲ್ಲುತ್ತೆ. ಮುಳ್ಳು ಸಡಿಲ ಇಲ್ಲ ಅಂತ ಅಂಗಡಿಯವರು ನೋಡಿ ಹೇಳಿದ್ದಾರೆ.

ಕರಾವಳಿ_ಟಿಕ್‌ಟಿಕ್
ಅಯಸ್ಕಾಂತ ಇರಬಹುದು. ರಾತ್ರಿ ವಾಚು ಎಲ್ಲಿ ಇಡ್ತೀರಿ? ಅಯಸ್ಕಾಂತದ ಮುಚ್ಚಳ ಇರುವ ಫೋನ್ ಕವರ್, ಬ್ಲೂಟೂತ್ ಸ್ಪೀಕರ್ ಪಕ್ಕ ಇಟ್ಟರೆ ಮೋಟರ್ ಹೆಜ್ಜೆ ತಪ್ಪುತ್ತೆ.

ಚಿಮಟ_ಲೂಪು
ಅಯಸ್ಕಾಂತ ಆದರೆ ಮಾಮೂಲಿ ಟೈಮೂ ಹಿಂದೆ ಬೀಳಬೇಕಲ್ವಾ? ಟೈಮ್ ಸರಿಯಿದ್ದು ಕ್ರೋನೋ ಮಾತ್ರ ತಪ್ಪಿದರೆ ನನಗೆ ಅನುಮಾನ ಕ್ರೋನೋ ಕಡೆಯ ಹಲ್ಲುಚಕ್ರಗಳ ಮೇಲೆ, ಎಣ್ಣೆ ಒಣಗಿರಬೇಕು, ಇಲ್ಲಾ ಕಸ ಇರಬೇಕು. ಮೇಡಂ, ನಿಮ್ಮದು ಟೈಮ್ ಹಿಂದೆ ಬೀಳುತ್ತಾ?

ಕರಾವಳಿ_ಟಿಕ್‌ಟಿಕ್
ಎರಡು ಮೋಟರ್ ಎರಡು ಜಾಗದಲ್ಲಿ ಇರುತ್ತವೆ ಅಲ್ವಾ. ಅಯಸ್ಕಾಂತ ಒಂದರ ಹತ್ತಿರ ಇದ್ದು ಇನ್ನೊಂದಕ್ಕೆ ದೂರ ಇರಬಹುದು. ನನಗೆ ನಿಮ್ಮ ಮಾತು ಪೂರ್ತಿ ಒಪ್ಪಿಗೆ ಇಲ್ಲ.

ಜಯಾ_ಎಂ
ಟೈಮ್ ಸರಿಯಾಗೇ ಇದೆ. ರಾತ್ರಿ ಫೋನಿನ ಪಕ್ಕದಲ್ಲೇ ಇಡೋದು, ಕವರಿಗೆ ಅಯಸ್ಕಾಂತದ ಗುಂಡಿ ಇದೆ. ಇವತ್ತು ಸೊನ್ನೆ ಮಾಡಿ ಬೀರುವಿನಲ್ಲಿ ಬೇರೆ ಕಡೆ ಇಡ್ತೀನಿ. ಮೂರು ವಾರ ಕಳೆದ ಮೇಲೆ ಎಲ್ಲಿಗೆ ನಿಂತಿದೆ ಅಂತ ಇಲ್ಲೇ ಹಾಕ್ತೀನಿ.

ಚಿಮಟ_ಲೂಪು
ದಿನಕ್ಕೊಂದು ಸಲ ಹತ್ತು ನಿಮಿಷ ಓಡಿಸಿ ರೀಸೆಟ್ ಮಾಡಿ. ಸುಮ್ಮನೆ ಇಟ್ಟರೆ ಹಲ್ಲುಚಕ್ರದ ತೊಂದರೆ ಹೊರಗೆ ಬರಲ್ಲ. ಎಷ್ಟು ಸಲ ರೀಸೆಟ್ ಆದ ಮೇಲೆ ಜರುಗಿತು ಅಂತ ಬರೆದಿಟ್ಟುಕೊಳ್ಳಿ.